ಮೇಜರೋ ಮೈನರೋ? ಗಾಂಧಾರಕ್ಕೆ ಕಿವಿಗೊಡಿ

ಗುಸ್ತಾಫ್ ಮಾಲರ್‌ನ ಮೊದಲ ಸಿಂಫನಿಯಲ್ಲಿ ಒಂದು ಶವಯಾತ್ರೆಯ ಭಾಗವಿದೆ. 1889ರ ನವೆಂಬರ್‌ನಲ್ಲಿ ಬುಡಾಪೆಸ್ಟ್‌ನ ಶ್ರೋತೃಗಳು ಈ ಸಿಂಫನಿಯನ್ನು ಮೊದಲ ಬಾರಿಗೆ ಕೇಳಿದಾಗ ಅವರಿಗದು ಅಷ್ಟೇನೂ ರುಚಿಸಲಿಲ್ಲ. ಇಂದು ನುಡಿಸುವ ರೂಪದಲ್ಲಿ ಆ ಭಾಗ ಹೀಗೆ ಶುರುವಾಗುತ್ತದೆ: ಟಿಂಪನಿ ಎರಡೇ ಸ್ವರಗಳನ್ನು, ನಮ್ಮ ಲೆಕ್ಕದಲ್ಲಿ ಷಡ್ಜ ಪಂಚಮಗಳನ್ನು, ಒಂದಾದ ಮೇಲೊಂದರಂತೆ ಮೆಲ್ಲಗೆ ಬಡಿಯುತ್ತದೆ. ಅದರ ಮೇಲೆ ಒಂದೇ ಒಂದು ಡಬಲ್ ಬಾಸ್ ನಿಧಾನವಾಗಿ ರಾಗ ಎಳೆಯುತ್ತದೆ. ಕೇಳುತ್ತ ಹೋದಂತೆ ಗೊತ್ತಾಗುತ್ತದೆ, ಅದು ‘ಫ್ರೇರ್ ಜಾಕ್’, ನಮ್ಮ ಇಂಗ್ಲಿಷ್ ಮಾಧ್ಯಮದ ಪುಟಾಣಿಗಳು ‘ಬ್ರದರ್ ಜಾನ್’ ಎಂದು ಹಾಡುವ ಅದೇ ಮಕ್ಕಳ ಹಾಡು.

ಆ ಹಾಡಿಗೆ ಮಾಲರ್ ಮಾಡಿದ ಮುಖ್ಯ ಬದಲಾವಣೆ ಅದನ್ನು ಮೇಜರ್‌ನಿಂದ ಮೈನರ್‌ಗೆ ತಂದದ್ದು. ಅಂದರೆ ಗಾಂಧಾರ ಮತ್ತು ಧೈವತಗಳನ್ನು ಅರ್ಧ ಸ್ವರದಷ್ಟು ಕೆಳಗಿಳಿಸಿದ್ದು. ಎಂಟನೇ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ವ್ಯತ್ಯಾಸವನ್ನು ಕಿವಿಯಿಂದಲೇ ಗುರುತಿಸಲು ಕಲಿಸುವ ಒಂದು ಪಾಠವನ್ನು ಇದೇ ಹಾಡಿನ ಸುತ್ತ ಕಟ್ಟಬಹುದು. ಕೀಬೋರ್ಡ್, ಪಿಯಾನೊ ಕಲಿಯುವ ನಮ್ಮ ಊರುಗಳ ಮಕ್ಕಳು ಬರೆಯುವ ಎಬಿಆರ್‌ಎಸ್‌ಎಂ ಪರೀಕ್ಷೆಯಲ್ಲಿಯೂ ಮೂರನೇ ಗ್ರೇಡಿನ ಹೊತ್ತಿಗೆ ‘ಇದು ಮೇಜರೋ ಮೈನರೋ’ ಎಂಬ ಪ್ರಶ್ನೆ ಎದುರಾಗುತ್ತದೆ.

ಸಾಮಾನ್ಯವಾಗಿ ಇದಕ್ಕೆ ಹೇಳಿಕೊಡುವ ಸೂತ್ರ ಒಂದೇ: ಮೇಜರ್ ಎಂದರೆ ಖುಷಿ, ಮೈನರ್ ಎಂದರೆ ದುಃಖ. ಮೊದಲ ನಾಲ್ಕು ಉದಾಹರಣೆಗಳಿಗೆ ಸೂತ್ರ ಸರಿಹೋಗುತ್ತದೆ, ಐದನೆಯದಕ್ಕೆ ಕೈಕೊಡುತ್ತದೆ. ಏಕೆಂದರೆ ಹಾಡು ಖುಷಿಯದೋ ದುಃಖದ್ದೋ ಎಂದು ಕೇಳಿದಾಗ ಮಕ್ಕಳು ಮೊದಲು ಗಮನಿಸುವುದು ವೇಗವನ್ನು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ವರ್ಷದ ಮಕ್ಕಳು ವೇಗವೊಂದನ್ನೇ ನೆಚ್ಚಿ ಹಾಡಿನ ಭಾವ ಹೇಳಿದರು. ಆರರಿಂದ ಎಂಟು ವರ್ಷದವರಲ್ಲಿ ಮಾತ್ರ ಮೇಜರ್ ಮೈನರ್‌ಗಳ ಪ್ರಭಾವವೂ ಕಂಡಿತು. ಹೈಸ್ಕೂಲಿನ ಹೊತ್ತಿಗೆ ಎರಡೂ ಬೆರೆತಿರುತ್ತವೆ. ಹಾಗಾಗಿ ಜೋರಾಗಿ ಓಡುವ ಮೈನರ್ ಹಾಡಿಗೆ ತರಗತಿಯ ಅರ್ಧದಷ್ಟು ಮಕ್ಕಳು ‘ಮೇಜರ್’ ಎಂದರೆ ಅಚ್ಚರಿಯಿಲ್ಲ.

ಈ ಪಾಠದ ತಂತ್ರ ಇದಕ್ಕೆ ವಿರುದ್ಧ ದಿಕ್ಕಿನದು. ವೇಗ, ಗಟ್ಟಿತನ, ವಾದ್ಯದ ನಾದ ಎಲ್ಲವನ್ನೂ ಹಾಗೆಯೇ ಇಟ್ಟು ಒಂದು ಸ್ವರವನ್ನಷ್ಟೇ ಬದಲಿಸುವುದು. ಭಾವದ ಮಾತನ್ನು ಕೊನೆಯವರೆಗೆ ಎತ್ತದಿರುವುದು.

ನಲವತ್ತೈದು ನಿಮಿಷದ ಪಾಠದ ಮೊದಲ ಹತ್ತು ನಿಮಿಷಕ್ಕೆ ಬೇಕಾದದ್ದು ಶ್ರುತಿ. ಟೀಚರ್ ಕೀಬೋರ್ಡಿನಲ್ಲಿ ಸಿ ಮತ್ತು ಜಿ ಒತ್ತಿ ಹಿಡಿಯುತ್ತಾರೆ. ಹಾರ್ಮೋನಿಯಂ ಬಲ್ಲವರಿಗೆ ಇದು ಬಿಳಿ ಒಂದರ ಸ-ಪ. ತಾನಾಗಿ ತಾಳ ಹಾಕುವ ಬಟನ್‌ಗಳೆಲ್ಲ ಬಂದ್ ಆಗಿರಬೇಕು. ಮಕ್ಕಳು ಸ, ಪ ಎರಡನ್ನೂ ಗುನುಗಿ ಗಟ್ಟಿ ಮಾಡಿಕೊಂಡ ಮೇಲೆ ನಡುವಿಗೆ ಗಾಂಧಾರ ಬರುತ್ತದೆ. ಷಡ್ಜದಿಂದ ನಾಲ್ಕು ಅರ್ಧ ಸ್ವರ ಮೇಲಿದ್ದರೆ ಅದು ಮೇಜರ್‌ನ ಗಾಂಧಾರ, ಮೂರೇ ಆದರೆ ಮೈನರ್‌ನದು. ಎರಡನ್ನೂ ಹಾಡಿಸಿ ಮೊದಲನೆಯದಕ್ಕೆ ಅಂಗೈ ಮೇಲೆ, ಎರಡನೆಯದಕ್ಕೆ ಅಂಗೈ ಕೆಳಗೆ ಎಂದು ಕೈಸನ್ನೆ ಗೊತ್ತು ಮಾಡಬೇಕು. ಹೆಸರು ಹೇಳುವ ಮೊದಲು ದನಿಯಲ್ಲಿ ತರುವುದು ಇಲ್ಲಿಯ ಕ್ರಮ. ಎರಡನ್ನೂ ಬೇರೆ ಬೇರೆಯಾಗಿ ಹಾಡಲು ಬಂದ ಮಗುವಿಗೆ ಕೇಳಿ ಗುರುತಿಸುವುದೂ ಬೇಗ ಹತ್ತುತ್ತದೆ.

ಕರ್ನಾಟಕ ಸಂಗೀತ ಕಲಿತ ಮಗುವೊಂದು ತರಗತಿಯಲ್ಲಿದ್ದರೆ ಅದಕ್ಕೆ ಈ ಎರಡು ಸ್ವರಗಳು ಹಳೆಯ ಪರಿಚಯ: ಅಂತರ ಗಾಂಧಾರ ಮತ್ತು ಸಾಧಾರಣ ಗಾಂಧಾರ. ಧಾರವಾಡದ ಕಡೆಯ ಮಗು ಇವನ್ನೇ ಶುದ್ಧ ಗಂಧಾರ, ಕೋಮಲ ಗಂಧಾರ ಎನ್ನುತ್ತದೆ. ಮೇಜರ್ ಸ್ಕೇಲ್‌ನ ಸ್ವರಗಳೆಲ್ಲ ಶಂಕರಾಭರಣದವು. ಮೈನರ್‌ನ ಒಂದು ರೂಪ ನಠಭೈರವಿಗೆ, ಮತ್ತೊಂದು ಕೀರವಾಣಿಗೆ ಹೊಂದುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಖರಹರಪ್ರಿಯದಂಥ ರಾಗದಲ್ಲಿ ಸಾಧಾರಣ ಗಾಂಧಾರವನ್ನು ಸಾಮಾನ್ಯವಾಗಿ ಗಮಕ ಸೇರಿಸಿ ಹಾಡುತ್ತಾರೆ, ಅದು ಒಂದೆಡೆ ನಿಲ್ಲುವುದಿಲ್ಲ. ಈ ಪಾಠಕ್ಕೆ ಬೇಕಾದದ್ದು ಅಲುಗದೆ ನಿಂತ ಗಾಂಧಾರ. ಸಂಗೀತ ಬಲ್ಲ ಮಗುವಿಗೆ ಗಮಕ ಬಿಟ್ಟು ಹಾಡು ಎಂದು ಮೊದಲೇ ಹೇಳದಿದ್ದರೆ ಪಕ್ಕದ ಮಕ್ಕಳಿಗೆ ಗೊಂದಲವಾಗುತ್ತದೆ.

ಮುಂದಿನ ಹತ್ತು ನಿಮಿಷ ‘ಫ್ರೇರ್ ಜಾಕ್’ನದು. ಈ ಹಾಡು ಕೈಗೆ ಬಂದಿರುವುದು ಅದೃಷ್ಟವೇ ಸರಿ, ಏಕೆಂದರೆ ಅದರ ಮೂರನೇ ಸ್ವರವೇ ಗಾಂಧಾರ. ಮೊದಲು ಎಲ್ಲರಿಗೂ ಗೊತ್ತಿರುವ ಧಾಟಿಯಲ್ಲಿ ಹಾಡಿಸಿ, ಅದೇ ವೇಗದಲ್ಲಿ ಗಾಂಧಾರ ಧೈವತ ಇಳಿಸಿ ಮತ್ತೆ ಹಾಡಿಸಬೇಕು. ಕೆಲವು ಮಕ್ಕಳು ಎರಡನೇ ಸಲವೂ ಅಭ್ಯಾಸಬಲದಿಂದ ಹಳೆಯ ಗಾಂಧಾರಕ್ಕೇ ಜಾರುತ್ತಾರೆ. ಆಗ ಹಾಡನ್ನು ಅಲ್ಲೇ ನಿಲ್ಲಿಸಿ, ಆ ಮೂರನೇ ಸ್ವರವನ್ನು ಶ್ರುತಿಯ ಮೇಲೆ ಎಳೆದು ಹಿಡಿಸಿದರೆ ತಾವು ಎಲ್ಲಿ ನಿಂತಿದ್ದೇವೆಂದು ಅವರಿಗೇ ತಿಳಿಯುತ್ತದೆ. ಆಮೇಲೆ ಮಾಲರ್‌ನ ಧ್ವನಿಮುದ್ರಿಕೆಯ ಮೊದಲ ಒಂದೆರಡು ನಿಮಿಷ ಕೇಳಿಸಬೇಕು. ಟಿಂಪನಿಯ ಸ-ಪ ಮತ್ತು ತಾವು ಈಗಷ್ಟೇ ಗುನುಗಿದ ಸ-ಪ ಒಂದೇ ಕೆಲಸ ಮಾಡುತ್ತಿವೆ ಎಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ.

ಮೂರನೇ ಹಂತ ಕಾರ್ಡ್‌ಗಳದು, ಅಂದರೆ ಸ-ಗ-ಪ ಮೂರನ್ನೂ ಒಟ್ಟಿಗೆ ನುಡಿಸುವುದು. ಹೆಚ್ಚಿನ ಮಕ್ಕಳು ಎಡವುವುದು ಇಲ್ಲಿಯೇ. ಮೂರು ಸ್ವರ ಒಟ್ಟಿಗೆ ಕೇಳಿದಾಗ ಕಿವಿ ತಾನಾಗಿ ಮೇಲಿನದನ್ನು ಹಿಡಿಯುತ್ತದೆ. ಮೇಲಿರುವುದು ಪಂಚಮ, ಅದು ಮೇಜರ್‌ನಲ್ಲೂ ಮೈನರ್‌ನಲ್ಲೂ ಒಂದೇ. ಬದಲಾಗುವ ಗಾಂಧಾರ ನಡುವೆ ಮರೆಯಾಗುತ್ತದೆ. ‘ಎರಡೂ ಒಂದೇ ಥರ ಕೇಳ್ತಿದೆ ಮಿಸ್’ ಎನ್ನುವ ಮಗುವಿಗೆ ನಡುವಿನ ಸ್ವರ ಹಾಡಿ ತೋರಿಸು ಎಂದರೆ, ಅದು ಪಂಚಮ ಹಾಡಿದರೆ ತೊಂದರೆ ಇಂಥದ್ದೇ ಎಂದು ಖಾತ್ರಿಯಾಯಿತು. ಪರಿಹಾರ ಸುಲಭ. ಪಂಚಮವನ್ನು ಕೆಳಗಿನ ಸ್ಥಾಯಿಗೆ ತಂದು, ಪ-ಸ-ಗ ಎಂದು ಗಾಂಧಾರವನ್ನು ತುದಿಗೆ ಇಟ್ಟು ನುಡಿಸುವುದು. ವ್ಯತ್ಯಾಸ ಕೇಳಿಸತೊಡಗಿದ ಮೇಲೆ ನಿಧಾನವಾಗಿ ಗಾಂಧಾರವನ್ನು ಮತ್ತೆ ನಡುವಿಗೆ ತರಬಹುದು.

ಇದೇ ಹೊತ್ತಿಗೆ ಕೀಬೋರ್ಡನ್ನು ಮಕ್ಕಳ ಕಣ್ಣಿನಿಂದ ಮರೆಮಾಡಬೇಕು. ಸಿ ಮೇಜರ್‌ಗೆ ಮೂರೂ ಬಿಳಿ ಕೀಗಳು, ಸಿ ಮೈನರ್‌ಗೆ ನಡುವೆ ಒಂದು ಕಪ್ಪು ಕೀ. ನೋಡುತ್ತ ಕುಳಿತ ಮಗು ‘ಕಪ್ಪು ಬಂದರೆ ಮೈನರ್’ ಎಂದು ಸದ್ದಿಲ್ಲದೆ ನಿಯಮ ಮಾಡಿಕೊಂಡುಬಿಡುತ್ತದೆ. ಷಡ್ಜವನ್ನು ಡಿಗೆ ಸರಿಸಿದರೆ ಲೆಕ್ಕ ತಲೆಕೆಳಗು: ಡಿ ಮೈನರ್‌ಗೆ ಮೂರೂ ಬಿಳಿ, ಡಿ ಮೇಜರ್‌ಗೆ ನಡುವೆ ಕಪ್ಪು. ಷಡ್ಜವನ್ನು ಹೀಗೆ ಎರಡು ಮೂರು ಕಡೆ ಬದಲಿಸಿ ನುಡಿಸಿದಾಗ ಮಾತ್ರ ಮಗು ಒಂದು ನಿರ್ದಿಷ್ಟ ಸದ್ದನ್ನು ಉರುಹೊಡೆದಿದೆಯೋ, ಷಡ್ಜದಿಂದ ಗಾಂಧಾರದ ದೂರವನ್ನು ಕೇಳುತ್ತಿದೆಯೋ ಎಂಬುದು ಬಯಲಾಗುತ್ತದೆ.

ನಾಲ್ಕನೇ ಹಂತದಲ್ಲಿ ನಿಜವಾದ ಕೃತಿಗಳು ಬರುತ್ತವೆ. ಬೇಕೆಂದೇ ಖುಷಿ-ದುಃಖದ ಸೂತ್ರಕ್ಕೆ ಸಿಗದಂಥವನ್ನು ಆರಿಸಬೇಕು. ಗ್ರೀಗ್‌ನ ‘ಇನ್ ದ ಹಾಲ್ ಆಫ್ ದ ಮೌಂಟನ್ ಕಿಂಗ್’ ಕೊನೆಯಲ್ಲಿ ಹುಚ್ಚೆದ್ದು ಓಡುತ್ತದೆ, ಆದರೂ ಅದು ಬಿ ಮೈನರ್. ಗ್ಲುಕ್ 1762ರಲ್ಲಿ ಬರೆದ ಆರ್ಫಿಯಸ್ ಆಪೆರಾದಲ್ಲಿ, ಹೆಂಡತಿಯನ್ನು ಎರಡನೇ ಸಲ ಕಳೆದುಕೊಂಡ ನಾಯಕ ಗೋಳಾಡುವ ಪ್ರಸಿದ್ಧ ಹಾಡು ಸಿ ಮೇಜರ್‌ನಲ್ಲಿದೆ. ಅದೇ ಮಟ್ಟಿಗೆ ಸಂತೋಷದ ಮಾತು ಹೊಂದಿಸಿದರೂ ಚೆನ್ನಾಗಿಯೇ ಇರುತ್ತದೆಂದು ಹತ್ತೊಂಬತ್ತನೇ ಶತಮಾನದ ವಿಮರ್ಶಕ ಎಡುವರ್ಡ್ ಹಾನ್ಸ್ಲಿಕ್ ವಾದಿಸಿದ್ದ. ಇಂಥವನ್ನು ಕೇಳಿಸುವಾಗ ಮಕ್ಕಳಿಗೆ ಕೊಡುವ ಕೆಲಸ ಎರಡೇ: ಮೊದಲು ಹಾಡು ಬಂದು ನಿಲ್ಲುವ ಷಡ್ಜವನ್ನು ಗುನುಗಿ ಹಿಡಿಯುವುದು, ಆಮೇಲೆ ಅದರ ಮೇಲಿನ ಗಾಂಧಾರ ಯಾವುದೆಂದು ಅಂಗೈ ತೋರಿಸುವುದು.

ಕೊನೆಯ ಕಾರ್ಡ್ ಕೇಳಿ ಉತ್ತರ ಹೇಳುವ ಜಾಣರೂ ಇರುತ್ತಾರೆ. ಅವರಿಗೆ ಬಾಖ್‌ನ ಪ್ರಿಲ್ಯೂಡ್ ಒಂದು ಸಾಕು. ಎಲ್ಲ ಹನ್ನೆರಡು ಷಡ್ಜಗಳಿಗೂ ಒಂದೊಂದು ಮೇಜರ್, ಒಂದೊಂದು ಮೈನರ್ ಪ್ರಿಲ್ಯೂಡ್ ಮತ್ತು ಫ್ಯೂಗ್ ಇರುವ ಅವನ 1722ರ ಸಂಗ್ರಹದಲ್ಲಿ ಸಿ ಮೈನರ್ ಪ್ರಿಲ್ಯೂಡ್ ಉದ್ದಕ್ಕೂ ಮೈನರ್‌ನಲ್ಲಿ ಸಾಗಿ ಮೇಜರ್ ಕಾರ್ಡ್‌ನಲ್ಲಿ ಮುಗಿಯುತ್ತದೆ. ಆ ಕಾಲದ ಮೈನರ್ ಕೃತಿಗಳಲ್ಲಿ ಹೀಗೆ ಮುಗಿಸುವುದು ರೂಢಿಯಾಗಿತ್ತು.

ಉಳಿದ ಐದು ನಿಮಿಷ ಪರೀಕ್ಷೆ. ಹತ್ತು ಕಾರ್ಡ್‌ಗಳು, ಅದೇ ವೇಗ, ಅದೇ ನಾದ, ಮಕ್ಕಳ ಕಣ್ಣು ಮುಚ್ಚಿರಬೇಕು, ಉತ್ತರ ಅಂಗೈ ಸನ್ನೆಯಲ್ಲಿ. ಕಣ್ಣು ತೆರೆದಿದ್ದರೆ ತರಗತಿಯೆಲ್ಲ ಒಬ್ಬರ ಕೈ ನೋಡಿಕೊಂಡು ಉತ್ತರಿಸುತ್ತದೆ. ಅಂಕಗಳನ್ನು ಓದುವಾಗಲೂ ಜಾಗ್ರತೆ ಬೇಕು. ಉತ್ತರ ಎರಡರಲ್ಲೊಂದು ಆದ್ದರಿಂದ ಐದು ಸರಿ ಎಂದರೆ ಬರೀ ಊಹೆ. ಊಹೆಯಿಂದಲೇ ಎಂಟು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆಯೂ ಸುಮಾರು ಹದಿನೆಂಟರಲ್ಲಿ ಒಂದು. ಅಂದರೆ ಏನೂ ಕೇಳಿಸದ ಮೂವತ್ತು ಮಕ್ಕಳಲ್ಲೂ ಒಬ್ಬಿಬ್ಬರಿಗೆ ಎಂಟು ಬಂದೀತು. ಎಂಟು ಬಂದವರಿಗೆ ಮುಂದಿನ ವಾರ ಮತ್ತೆ ಹತ್ತು ಕೇಳಿಸಿ ನೋಡುವುದು ಒಳ್ಳೆಯದು.

ಕೆಲವರಿಗೆ ಎಷ್ಟು ಹೇಳಿಕೊಟ್ಟರೂ ಐದಾರು ದಾಟದಿದ್ದರೆ ಅದು ಸೋಮಾರಿತನವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಚಬ್ ಮತ್ತು ಸಂಗಡಿಗರು 2013ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವೇ ಸ್ವರಗಳನ್ನು ಅತಿ ವೇಗವಾಗಿ, ಕಲಸುಮೇಲೋಗರವಾಗಿ ಕೇಳಿಸಿ, ಅದರಲ್ಲಿ ಮೇಜರ್ ಗಾಂಧಾರವಿತ್ತೋ ಮೈನರ್ ಗಾಂಧಾರವಿತ್ತೋ ಎಂದು ಕೇಳಿದ್ದರು. ಸುಮಾರು ಶೇ. 30 ಜನ ಹೆಚ್ಚುಕಡಿಮೆ ಎಲ್ಲವನ್ನೂ ಸರಿ ಹೇಳಿದರು. ಶೇ. 70 ಜನರ ಉತ್ತರ ಊಹೆಗಿಂತ ಹೆಚ್ಚೇನೂ ಇರಲಿಲ್ಲ. ಹಾಡಿನಲ್ಲಿ ಗಾಂಧಾರ ಅಷ್ಟು ಚೂರುಚೂರಾಗಿ ಬರುವುದಿಲ್ಲ ನಿಜ, ಆದರೂ ಕಿವಿಯಿಂದ ಕಿವಿಗೆ ಇರುವ ಅಂತರ ದೊಡ್ಡದು ಎಂಬುದಕ್ಕೆ ಇದು ಸಾಕ್ಷಿ. ಹಿಂದುಳಿದ ಮಕ್ಕಳನ್ನು ಕಾರ್ಡ್‌ನಿಂದ ಮತ್ತೆ ಶ್ರುತಿಗೆ, ಹಾಡುವಿಕೆಗೆ ಕರೆತರುವುದೇ ಟೀಚರ್‌ಗೆ ಉಳಿಯುವ ದಾರಿ.

ಒಂಬತ್ತು ಹತ್ತು ಬರುತ್ತಿರುವವರಿಗೆ ಮುಂದಿನ ಪಾಠದ ಪ್ರಶ್ನೆ ಸಿದ್ಧವಿದೆ. ಸಿ ಮೇಜರ್ ಮತ್ತು ಎ ಮೈನರ್‌ನ ಮೂಲ ರೂಪ, ಎರಡಕ್ಕೂ ಬೇಕಾದದ್ದು ಅವೇ ಏಳು ಬಿಳಿ ಕೀಗಳು. ಶಂಕರಾಭರಣದ ಧೈವತವನ್ನೇ ಷಡ್ಜ ಎಂದು ಹಿಡಿದರೆ ಗ್ರಹಭೇದದಿಂದ ನಠಭೈರವಿ ಹುಟ್ಟುವುದೂ ಹೀಗೆಯೇ. ಸ್ವರಗಳೆಲ್ಲ ಅವೇ ಆಗಿರುವಾಗ ಮೇಜರ್ ಯಾವುದು, ಮೈನರ್ ಯಾವುದು ಎಂದು ಹೇಳಲು ಷಡ್ಜ ಎಲ್ಲಿದೆ ಎಂಬುದನ್ನೇ ಮೊದಲು ಕೇಳಬೇಕು. ಆ ಪಾಠವೂ ಶುರುವಾಗುವುದು ಶ್ರುತಿಯಿಂದಲೇ, ಆದರೆ ಈ ಸಲ ಶ್ರುತಿ ಹಿಡಿಯಬೇಕಾದವರು ಮಕ್ಕಳು.