ಮನೆಯ ಸಾಬೂನು ಮಾರಾಟದ ಸಾಬೂನಾಗುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತೆಂಗಿನ ತೋಟವುಳ್ಳ ಕೆಲವು ಮನೆಗಳವರು ಗಾಣದ ಎಣ್ಣೆಯಿಂದ ಸಾಬೂನನ್ನು ತಯಾರಿಸಿ ನಂಟರಿಷ್ಟರಿಗೆ ಹಂಚುವುದುಂಟು. ಹಂಚಿದ್ದು ಮೆಚ್ಚುಗೆಯಾದರೆ ಅದಕ್ಕೊಂದು ಹೆಸರಿಟ್ಟು ಮಾರಬೇಕೆಂಬ ಆಲೋಚನೆ ಸಹಜವಾಗಿಯೇ ಹುಟ್ಟುತ್ತದೆ. ಅಡಿಗೆಮನೆಯ ಅರ್ಧ ಕಿಲೋಗ್ರಾಂ ಎಣ್ಣೆಯಿಂದ ಒಂದು ಸಲಕ್ಕೆ ಹತ್ತು ಕಿಲೋಗ್ರಾಮಿಗೆ ಏರುವುದೆಂದರೆ ಪಾತ್ರೆಯನ್ನು ದೊಡ್ಡದು ಮಾಡುವುದಷ್ಟೇ ಎಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಅಳತೆ, ಶಾಖ, ಪರೀಕ್ಷೆ, ಕಟ್ಟಡ ಈ ನಾಲ್ಕೂ ಬದಲಾಗುತ್ತವೆ. 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆಯು ಆರಂಭವಾದಾಗ ಅದರ ಕೆಲಸವನ್ನು ರಸಾಯನಶಾಸ್ತ್ರಜ್ಞರಾದ ಎಸ್. ಜಿ. ಶಾಸ್ತ್ರಿಗಳಿಗೆ ವಹಿಸಿದುದು ವಿನಾ ಕಾರಣವಲ್ಲ.

ಚರ್ಮಕ್ಕೆ ಹಚ್ಚುವ ಪದಾರ್ಥಗಳಲ್ಲಿ ಮೊದಲು ಸಾಬೂನನ್ನೇ ಕೈಗೊಳ್ಳುವುದು ಯುಕ್ತ. ಲೋಳೆಸರದ ರಸ, ಸೌತೆಯ ರಸ ಮುಂತಾದುವನ್ನು ಎಣ್ಣೆಯೊಡನೆ ಕಡೆದು ಮಾಡುವ ಕ್ರೀಮಿನಲ್ಲಿ ನೀರಿನ ಅಂಶ ಉಳಿಯುವುದರಿಂದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ; ಬೂಷ್ಟು ಕಣ್ಣಿಗೆ ಕಾಣುವ ಎಷ್ಟೋ ದಿನ ಮುಂಚೆಯೇ ಅದು ಕೆಟ್ಟಿರಬಹುದು. ಸಂರಕ್ಷಕವಿಲ್ಲದೆ, ಪ್ರಯೋಗಶಾಲೆಯ ಪರೀಕ್ಷೆಯಿಲ್ಲದೆ ಅಂಥದನ್ನು ಮಾರುವುದು ಸಲ್ಲದು. ಸಾಬೂನಿನ ಕ್ಷಾರಗುಣವು ಜೀವಿಗಳನ್ನು ಬೆಳೆಯಗೊಡದು. ಅದರಲ್ಲಿರುವ ಮುಖ್ಯ ಅಪಾಯ ಒಂದೇ, ಎಣ್ಣೆಯೊಡನೆ ಸೇರದೆ ಉಳಿದುಹೋದ ಕಾಸ್ಟಿಕ್ ಸೋಡ. ಅದು ಚರ್ಮವನ್ನು ಸುಡುತ್ತದೆ. ಆದರೆ ಲೆಕ್ಕದಿಂದ ತಡೆಯಬಹುದಾದ, ಪರೀಕ್ಷೆಯಿಂದ ಹಿಡಿಯಬಹುದಾದ ದೋಷ ಅದು.

ಕೃಷ್ಣರಾಜನಗರ ತಾಲ್ಲೂಕಿನ ತೋಟದ ಮನೆಯೊಂದರಲ್ಲಿ ಒಂದು ಸಲಕ್ಕೆ 10 ಕಿಲೋಗ್ರಾಂ ಎಣ್ಣೆಯ ಸಾಬೂನನ್ನು ಎರಕ ಹೊಯ್ಯಬೇಕೆಂದಿದೆ ಎಂದಿಟ್ಟುಕೊಳ್ಳೋಣ. ತೆಂಗಿನೆಣ್ಣೆ 7 ಕಿಲೋಗ್ರಾಂ, ಹೊಂಗೆಯೆಣ್ಣೆ 2, ಹರಳೆಣ್ಣೆ 1. ತೆಂಗಿನೆಣ್ಣೆಯಿಂದ ಗಟ್ಟಿತನವೂ ನೊರೆಯೂ ಬರುತ್ತವೆ. ಅದೊಂದನ್ನೇ ಹಾಕಿದರೆ ಚರ್ಮ ಒಣಗುವುದರಿಂದ ಹೊಂಗೆಯನ್ನು ಸೇರಿಸುವುದು. ಹರಳೆಣ್ಣೆಯು ನೊರೆಯನ್ನು ನಿಲ್ಲಿಸುತ್ತದೆ. ಹೊಂಗೆಯ ವಾಸನೆ ತೀಕ್ಷ್ಣವಾದುದರಿಂದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹಾಕುವುದು ಬೇಡ. ಹೊಲದಲ್ಲಿ ಬೆಳೆದ ಹುಚ್ಚೆಳ್ಳಿನ ಎಣ್ಣೆಯನ್ನು ಏಕೆ ಹಾಕಬಾರದೆಂದು ಕೆಲವರು ಕೇಳಬಹುದು. ಆ ಎಣ್ಣೆಯು ಬೇಗ ಕಮಟು ಹಿಡಿಯುವ ಜಾತಿಯದು. ಕೆಲವು ತಿಂಗಳಲ್ಲಿ ಬಿಲ್ಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದು ಹಳೆಯ ಎಣ್ಣೆಯ ನಾತ ಬಂದರೆ ಕಾರಣ ಇಂಥ ಎಣ್ಣೆಯೇ ಎಂದು ತಿಳಿಯಬೇಕು.

ಪ್ರತಿಯೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಸೋಡ ಬೇರೆಬೇರೆ. ಒಂದು ಕಿಲೋಗ್ರಾಂ ತೆಂಗಿನೆಣ್ಣೆಗೆ ಸುಮಾರು 183 ಗ್ರಾಂ, ಹೊಂಗೆಯೆಣ್ಣೆಗೆ 133, ಹರಳೆಣ್ಣೆಗೆ 128. ಮೇಲಿನ ಮಿಶ್ರಣಕ್ಕೆ ಒಟ್ಟು 1675 ಗ್ರಾಂ ಆಗುತ್ತದೆ. ಆದರೆ ಅಷ್ಟನ್ನೂ ಹಾಕತಕ್ಕದ್ದಲ್ಲ. ನೂರಕ್ಕೆ ಐದು ಪಾಲು ಕಡಿಮೆ ಮಾಡಿ ಸ್ವಲ್ಪ ಎಣ್ಣೆ ಸಾಬೂನಾಗದೆ ಉಳಿಯುವಂತೆ ಮಾಡಬೇಕು. ಎಣ್ಣೆಯ ಗುಣ ಗಾಣದಿಂದ ಗಾಣಕ್ಕೆ ಅಷ್ಟಿಷ್ಟು ಬದಲಾಗುವುದರಿಂದ ಈ ಉಳಿಕೆಯೇ ರಕ್ಷೆ. ಹಾಗೆ ಮಾಡಿದರೆ 1591 ಗ್ರಾಂ. ಅಂಗಡಿಯ ಸೋಡ ನೂರಕ್ಕೆ 97 ಪಾಲು ಶುದ್ಧವಾಗಿದ್ದರೆ ತೂಗಬೇಕಾದುದು 1640 ಗ್ರಾಂ. ನೀರು ಸುಮಾರು 3 ಕಿಲೋ 200 ಗ್ರಾಂ. ಕೊಳವೆ ಬಾವಿಯ ಗಡಸು ನೀರು ಬೇಡ. ಬಟ್ಟಿಯಿಳಿಸಿದ ನೀರು ಉತ್ತಮ.

ಇಲ್ಲಿಯೇ ಮನೆಯ ರೂಢಿ ಕೈಕೊಡುತ್ತದೆ. ಎಣ್ಣೆಯನ್ನು ಲೀಟರಿನಲ್ಲಿ ಅಳೆಯುವುದು ಎಲ್ಲೆಡೆಯ ಅಭ್ಯಾಸ. ಮೇಲಿನ ಲೆಕ್ಕವಾದರೋ ತೂಕದ್ದು. 10 ಕಿಲೋಗ್ರಾಂ ಎಂದು 10 ಲೀಟರು ಹೊಯ್ದರೆ ನಿಜವಾಗಿ ಬಿದ್ದ ಎಣ್ಣೆ ಸುಮಾರು 9 ಕಿಲೋ 300 ಗ್ರಾಂ ಮಾತ್ರ. ಅಷ್ಟು ಎಣ್ಣೆ ಪೂರ್ತಿಯಾಗಿ ಸಾಬೂನಾದರೂ ತಿನ್ನುವ ಸೋಡ 1558 ಗ್ರಾಂ, ಹಾಕಿದ್ದು 1591. ರಕ್ಷೆಯಾಗಿದ್ದ ಐದು ಪಾಲು ಕರಗಿಹೋಗಿ, ಮೂವತ್ತು ಗ್ರಾಮಿಗೂ ಹೆಚ್ಚು ಸೋಡ ಸಾಬೂನಿನಲ್ಲಿ ಉಳಿದಂತಾಯಿತು. ಸ್ನಾನದ ಸಾಬೂನಿಗೆ ಭಾರತೀಯ ಮಾನಕ 2888ರಲ್ಲಿ ವಿಧಿಸಿರುವ ಮಿತಿ ನೂರಕ್ಕೆ 0.05, ಅಂದರೆ ಇಷ್ಟು ಸಾಬೂನಿಗೆ ಹೆಚ್ಚೆಂದರೆ ಆರು ಗ್ರಾಂ. ಸಾಬೂನು ನೋಡಲು ಬೆಳ್ಳಗೆ, ಗಟ್ಟಿಯಾಗಿ, ಚೆನ್ನಾಗಿಯೇ ಇರುತ್ತದೆ. ತಿಳಿಯುವುದು ಕೊಂಡವರ ಮನೆಯ ಮಗುವಿನ ಮೈ ಕೆಂಪಾದಾಗ. ಆದಕಾರಣ ಎಣ್ಣೆ, ಸೋಡ, ನೀರು ಮೂರನ್ನೂ ತಕ್ಕಡಿಯಲ್ಲಿಯೇ ತೂಗತಕ್ಕದ್ದು. ಆ ತಕ್ಕಡಿಯು ಗ್ರಾಂ ತೋರಿಸುವಂತಹುದಾಗಿಯೂ ಕಾನೂನು ಮಾಪನ ಇಲಾಖೆಯ ಮುದ್ರೆಯುಳ್ಳದ್ದಾಗಿಯೂ ಇರಬೇಕು.

ಎರಡನೆಯ ಬದಲಾವಣೆ ಶಾಖದ್ದು. ಸೋಡವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ನೀರನ್ನು ಸೋಡದ ಮೇಲೆ ಎಂದಿಗೂ ಹೊಯ್ಯಬಾರದು; ಅದು ಸಿಡಿದು ಕಣ್ಣಿಗೆ ಹಾರುತ್ತದೆ. ಕನ್ನಡಕ, ರಬ್ಬರಿನ ಕೈಚೀಲ, ಉಕ್ಕಿನ ಪಾತ್ರೆ ಇವಿಲ್ಲದೆ ಕೆಲಸಕ್ಕೆ ಕೈಹಾಕಬಾರದು. ಅಲ್ಯೂಮಿನಿಯಮ್ ಪಾತ್ರೆಯನ್ನು ಸೋಡ ತಿಂದು ಹೊತ್ತಿಕೊಳ್ಳುವ ಅನಿಲವನ್ನು ಬಿಡುತ್ತದೆ. ಅರ್ಧ ಕಿಲೋ ಪಾಕದ ಬಿಸಿ ತಾನಾಗಿಯೇ ಆರಿಹೋಗುತ್ತದೆ. ಹದಿನಾಲ್ಕು ಹದಿನೈದು ಕಿಲೋ ಪಾಕವನ್ನು ಒಂದೇ ಆಳವಾದ ಅಚ್ಚಿಗೆ ಹೊಯ್ದರೆ ನಡುವಿನ ಬಿಸಿ ಹೊರಗೆ ಹೋಗಲಾರದೆ ಪಾಕವು ಬಿರಿಯುತ್ತದೆ, ಕೆಲವೊಮ್ಮೆ ಹಾಲಿನಂತೆ ಉಕ್ಕಿ ಹೊರಚೆಲ್ಲುತ್ತದೆ. ಎಣ್ಣೆಯನ್ನೂ ಕ್ಷಾರದ ನೀರನ್ನೂ ಕೈಗೆ ಬೆಚ್ಚಗೆನಿಸುವಷ್ಟಕ್ಕೆ, ಅಂದರೆ 35 ರಿಂದ 40 ಡಿಗ್ರಿಗೆ, ಆರಿಸಿ ಸೇರಿಸಬೇಕು. ಪಾತ್ರೆಯನ್ನು ಮುಟ್ಟಿ ಊಹಿಸದೆ ಶಾಖಮಾಪಕದಿಂದಲೇ ನೋಡಬೇಕು. ಅಗಲವಾದ, ಆಳ ಕಡಿಮೆಯಿರುವ ಅಚ್ಚುಗಳಿಗೆ ಹಂಚಿ ಹೊಯ್ಯುವುದು ಲೇಸು. ಅರಿಸಿನ ಹಾಕಿದರೆ ಕ್ಷಾರದಲ್ಲಿ ಕೆಂಪಗಾಗಿ ಆಮೇಲೆ ಮಾಸುತ್ತದೆ. ಅದನ್ನು ಕಂಡು ಪಾಕ ಕೆಟ್ಟಿತೆಂದು ಹೆದರಬೇಕಾಗಿಲ್ಲ.

ದೊಡ್ಡ ಪಾತ್ರೆಯಲ್ಲಿ ಕಡೆಯುವಾಗ ತಳದಲ್ಲೂ ಅಂಚಿನಲ್ಲೂ ಕ್ಷಾರ ನಿಂತುಬಿಡುವುದುಂಟು. ಆದುದರಿಂದ ಒಂದು ಬಿಲ್ಲೆಯನ್ನು ಪರೀಕ್ಷಿಸಿದರೆ ಸಾಲದು. ಪ್ರತಿ ಅಚ್ಚಿನ ಮೂಲೆ, ನಡು, ತಳ ಮೂರು ಕಡೆಗಳಿಂದ ತುಂಡು ತೆಗೆಯಬೇಕು. ಕತ್ತರಿಸಿದ ಮುಖದ ಮೇಲೆ ಫಿನಾಫ್ತಲೀನ್ ದ್ರವದ ಒಂದು ಹನಿ ಬಿಟ್ಟಾಗ ಗಾಢವಾದ ಗುಲಾಬಿ ಬಣ್ಣ ಬಂದರೆ ಆ ಜಾಗದಲ್ಲಿ ಕ್ಷಾರ ಉಳಿದಿದೆ. ಇದು ಸೂಚನೆ ಮಾತ್ರ. ಒದ್ದೆ ಸಾಬೂನು ಸ್ವಭಾವತಃ ತಿಳಿಗುಲಾಬಿಯನ್ನು ತೋರಿಸುವುದರಿಂದ ನಿಶ್ಚಯಕ್ಕೆ ಇನ್ನೊಂದು ಪರೀಕ್ಷೆ ಬೇಕು. 10 ಗ್ರಾಂ ಸಾಬೂನನ್ನು ತಟಸ್ಥಗೊಳಿಸಿದ ಬಿಸಿ ಮದ್ಯಸಾರದಲ್ಲಿ ಕರಗಿಸಿ, ಅದೇ ದ್ರವದ ಹನಿಯನ್ನು ಹಾಕಿ, ಗುಲಾಬಿ ಬಣ್ಣ ಹೋಗುವವರೆಗೆ ದಶಾಂಶ ನಾರ್ಮಲ್ ಆಮ್ಲವನ್ನು ಬಿಡಬೇಕು. ಒಂದೂಕಾಲು ಮಿಲಿಲೀಟರಿಗಿಂತ ಹೆಚ್ಚು ಆಮ್ಲ ಹಿಡಿದರೆ ಆ ಎರಕವು ಮಿತಿ ಮೀರಿದೆ, ಮಾರತಕ್ಕದ್ದಲ್ಲ. ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಓದಿದ ಯಾರಿಗಾದರೂ ಈ ಕೆಲಸ ಅಪರಿಚಿತವಲ್ಲ.

ಇನ್ನು ಒಣಗುವಿಕೆ. ಹೊಯ್ದ ದಿನ ಪಾಕದ ತೂಕ ಸುಮಾರು 14 ಕಿಲೋ 800 ಗ್ರಾಂ. ಅದರಲ್ಲಿನ ಕೊಬ್ಬಿನ ಆಮ್ಲಗಳು ಸುಮಾರು 9 ಕಿಲೋ 300 ಗ್ರಾಂ. ಎಂದರೆ ನೂರಕ್ಕೆ 63. ಮೇಲೆ ಹೇಳಿದ ಮಾನಕದಲ್ಲಿ ಇದು ಮೂರನೆಯ ದರ್ಜೆಯ ಸಾಬೂನು. ಗಾಳಿಯಾಡುವ ತಟ್ಟೆಗಳ ಮೇಲೆ ನಾಲ್ಕರಿಂದ ಆರು ವಾರ ಬಿಟ್ಟು ತೂಕವು 12 ಕಿಲೋ 800 ಗ್ರಾಮಿಗೆ ಇಳಿದರೆ ಅದೇ ಸಾಬೂನು ನೂರಕ್ಕೆ 72ನ್ನು ಮುಟ್ಟಿ, 70 ಬೇಕಾದ ಎರಡನೆಯ ದರ್ಜೆಗೆ ಸಲ್ಲುತ್ತದೆ. ವಾರಕ್ಕೊಮ್ಮೆ ಅದೇ ಹತ್ತು ಬಿಲ್ಲೆಗಳನ್ನು ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತ ಮೇಲೆ ಕಾಗದ ಸುತ್ತಬೇಕು. ಅವಸರದಿಂದ ಸುತ್ತಿದರೆ ಅಂಗಡಿಯಲ್ಲಿ 100 ಗ್ರಾಮಿನ ಬಿಲ್ಲೆ 90 ಗ್ರಾಂ ಆಗಿ, ತೂಕದ ಕಾನೂನಿಗೆ ಗುರಿಯಾಗಬೇಕಾಗುತ್ತದೆ.

ಮಾರುವುದಾದರೆ ಪರವಾನಗಿ ಅವಶ್ಯ. ಸಂತೆಯಲ್ಲಿ ಮಾರಿದರೂ, ಜಾತ್ರೆಯಲ್ಲಿ ಮಾರಿದರೂ ವಿನಾಯಿತಿಯಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಕೆಳಗೆ 2020ರಲ್ಲಿ ಬಂದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಸಿ.ಓ.ಎಸ್.-5 ನಮೂನೆಯಲ್ಲಿ ರಾಜ್ಯದ ಔಷಧ ಪರವಾನಗಿ ಅಧಿಕಾರಿಗೆ ಅರ್ಜಿ ಸಲ್ಲಿಸಿದರೆ, ತಪಾಸಣೆಯ ತರುವಾಯ ಸಿ.ಓ.ಎಸ್.-8 ನಮೂನೆಯ ಪರವಾನಗಿ ದೊರೆಯುತ್ತದೆ. ತಯಾರಿಕೆಯು ಅರ್ಹರಾದವರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಫಾರ್ಮಸಿ ಡಿಪ್ಲೊಮಾ ಪಡೆದವರು, ಅಥವಾ ಇಂಟರ್ಮೀಡಿಯೆಟ್ ತರಗತಿಯಲ್ಲಿ ರಸಾಯನಶಾಸ್ತ್ರವನ್ನು ಓದಿ ತೇರ್ಗಡೆಯಾದವರು ಸಲ್ಲುತ್ತಾರೆ. ಹಳ್ಳಿಯಲ್ಲಿ ಓದಿ ಮನೆಯಲ್ಲಿರುವ ಹೆಣ್ಣುಮಕ್ಕಳಲ್ಲಿ ಅಂಥವರು ದೊರೆಯುವುದು ಕಷ್ಟವಲ್ಲ.

ಕಷ್ಟವಾದುದು ಕಟ್ಟಡ. ಕಾರ್ಖಾನೆಯ ಸ್ಥಳ ವಾಸಕ್ಕೆ ಉಪಯೋಗವಾಗಿರಬಾರದು, ವಾಸದ ಮನೆಗೆ ಒಳಬಾಗಿಲಿನಿಂದ ಕೂಡಿಕೊಂಡಿರಲೂ ಬಾರದು. ಅಡಿಗೆಮನೆ ಇಲ್ಲಿಗೇ ಹೊರಗಾಯಿತು. ಗೋಡೆಯು ನೆಲದಿಂದ ಆರು ಅಡಿಯವರೆಗೆ ನುಣುಪಾಗಿ, ನೀರು ಹೀರದಂತೆ ಇರಬೇಕು. ನೆಲವು ತೊಳೆಯಲು ಬರುವಂತಿರಬೇಕು. ಸಣ್ಣ ಪ್ರಮಾಣದ ಸ್ನಾನದ ಸಾಬೂನಿಗೂ ನೂರು ಚದರ ಮೀಟರು ಜಾಗವನ್ನು ಶಿಫಾರಸು ಮಾಡಲಾಗಿದೆ. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಪಾಳುಬಿದ್ದ ಹೊಗೆಸೊಪ್ಪಿನ ಬ್ಯಾರನ್‌ಗಳು ಇದಕ್ಕೆ ಒದಗಬಹುದೆಂದು ತೋರಬಹುದು. ಆದರೆ ಹದಿನಾರು ಅಡಿ ಚದರದ ಬ್ಯಾರನ್ ಇಪ್ಪತ್ತನಾಲ್ಕು ಚದರ ಮೀಟರಿಗಿಂತ ಹೆಚ್ಚಿಲ್ಲ. ಅದಲ್ಲದೆ ಗೋಡೆಯಲ್ಲಿ ನಿಂತ ಹೊಗೆಸೊಪ್ಪಿನ ವಾಸನೆಯನ್ನು ಒಣಗುವ ಸಾಬೂನು ಎಳೆದುಕೊಳ್ಳುತ್ತದೆ. ಶಿಫಾರಸಿನಲ್ಲಿರುವ ಯಂತ್ರಗಳ ಪಟ್ಟಿಯೂ ಕಾಯಿಸಿ ಮಾಡುವ ಸಾಬೂನನ್ನು ಉದ್ದೇಶಿಸಿದ್ದು. ಆದಕಾರಣ ಗೋಡೆಗೆ ಒಂದು ಕಲ್ಲಿಡುವ ಮುಂಚೆ ನಕ್ಷೆಯನ್ನೂ ತಯಾರಿಕೆಯ ಕ್ರಮವನ್ನೂ ಔಷಧ ತಪಾಸಣಾಧಿಕಾರಿಗೆ ತೋರಿಸಿ ಕೇಳಿಕೊಳ್ಳುವುದು ಕ್ಷೇಮ. ಕಟ್ಟಡಕ್ಕೆ ಹಣ ಸಾಲದವರು, ಪರವಾನಗಿಯುಳ್ಳ ಬೇರೊಬ್ಬರ ಕಾರ್ಖಾನೆಯಲ್ಲಿ ತಮ್ಮ ಹೆಸರಿನ ಸಾಬೂನನ್ನು ತಯಾರಿಸುವುದಕ್ಕೆ ಸಿ.ಓ.ಎಸ್.-6 ನಮೂನೆಯಲ್ಲಿ ಸಾಲದ ಪರವಾನಗಿಯನ್ನು ಕೇಳಬಹುದು. ಮೊದಲ ಒಂದೆರಡು ವರ್ಷಕ್ಕೆ ಬಹುಮಂದಿಗೆ ಇದೇ ಲಾಭಕರ.

ಪ್ರತಿ ಎರಕಕ್ಕೂ ಒಂದು ಬ್ಯಾಚ್ ನಂಬರು ಕೊಟ್ಟು, ಎಣ್ಣೆ ಎಲ್ಲಿಂದ ಬಂತು, ತೂಗಿದ್ದೆಷ್ಟು, ಪರೀಕ್ಷೆಯಲ್ಲಿ ಕಂಡದ್ದೇನು ಎಂಬುದನ್ನು ಪುಸ್ತಕದಲ್ಲಿ ಬರೆದು ಎರಡು ಬಿಲ್ಲೆಗಳನ್ನು ತೆಗೆದಿಡಬೇಕು. ದೂರು ಬಂದಾಗ ಕೆಟ್ಟ ಎರಕವೊಂದನ್ನೇ ಹಿಂದಕ್ಕೆ ಪಡೆಯಲು ಬೇರೆ ಉಪಾಯವಿಲ್ಲ. ಆ ನಂಬರು, ಪರವಾನಗಿಯ ನಂಬರು, ತಯಾರಕರ ವಿಳಾಸ, ಬೆರೆಸಿದ ಪದಾರ್ಥಗಳು, ತೂಕ, ಬೆಲೆ, ಬಳಸಬೇಕಾದ ಅವಧಿ ಇವು ಹೊದಿಕೆಯ ಮೇಲೆ ಅಚ್ಚಾಗಿರಬೇಕು. ಕಜ್ಜಿ ವಾಸಿಯಾಗುತ್ತದೆ, ಇಸುಬು ಹೋಗುತ್ತದೆ ಎಂದು ಅಚ್ಚು ಹಾಕಿಸಿದರೆ ಅದು ಸಾಬೂನಲ್ಲ, ಔಷಧ. ಅದರ ಪರವಾನಗಿಯೇ ಬೇರೆ, ಈ ಪರವಾನಗಿ ಅದಕ್ಕೆ ಒದಗುವುದಿಲ್ಲ.