ಬೆಲೆ ಏರಿದರೆ ಉದ್ಯೋಗ ಹೆಚ್ಚುವುದೇ?

1958ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಪ್ರಾಧ್ಯಾಪಕ ಎ. ಡಬ್ಲ್ಯು. ಫಿಲಿಪ್ಸ್ ಅವರು ಬ್ರಿಟನ್ನಿನ 1861ರಿಂದ 1957ರವರೆಗಿನ ವೇತನ ಮತ್ತು ನಿರುದ್ಯೋಗದ ಅಂಕಿ-ಅಂಶಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದರು. ನಿರುದ್ಯೋಗ ಕಡಿಮೆಯಿದ್ದ ವರ್ಷಗಳಲ್ಲಿ ವೇತನವು ವೇಗವಾಗಿ ಏರಿತ್ತು. ನಿರುದ್ಯೋಗ ಹೆಚ್ಚಿದ್ದ ವರ್ಷಗಳಲ್ಲಿ ಅದು ನಿಧಾನವಾಗಿ ಏರಿತ್ತು, ಕೆಲವೊಮ್ಮೆ ಇಳಿದೂ ಇತ್ತು. ಈ ಬಿಂದುಗಳ ನಡುವೆ ಎಳೆದ ಇಳಿಜಾರಿನ ಗೆರೆಯೇ ‘ಫಿಲಿಪ್ಸ್ ರೇಖೆ’.

ಎರಡು ವರ್ಷಗಳ ನಂತರ ಪಾಲ್ ಸ್ಯಾಮ್ಯುಯೆಲ್ಸನ್ ಮತ್ತು ರಾಬರ್ಟ್ ಸೋಲೋ ಅವರು ವೇತನದ ಬದಲು ಬೆಲೆಗಳನ್ನಿಟ್ಟು ಅಮೆರಿಕಕ್ಕೆ ಅಂಥದೇ ರೇಖೆಯನ್ನು ಅಂದಾಜು ಮಾಡಿದರು. ಕಾಲ ಕಳೆದಂತೆ ರೇಖೆಯೇ ಸ್ಥಳಾಂತರಗೊಳ್ಳಬಹುದೆಂದು ಅವರು ಎಚ್ಚರಿಸಿದ್ದರು. ಆದರೆ ಆಡಳಿತ ನಡೆಸುವವರಿಗೆ ಅದು ಬೆಲೆಪಟ್ಟಿಯಂತೆ ಕಂಡಿತು: ಸ್ವಲ್ಪ ಹಣದುಬ್ಬರವನ್ನು ಸಹಿಸಿದರೆ ಅಷ್ಟು ಉದ್ಯೋಗ ದೊರೆಯುತ್ತದೆ. 1964ರಲ್ಲಿ ಅಮೆರಿಕದ ನಿರುದ್ಯೋಗ ಶೇ. 5.2, ಹಣದುಬ್ಬರ ಸುಮಾರು ಶೇ. 1.3 ಇತ್ತು. ತೆರಿಗೆ ಕಡಿತ ಮತ್ತು ವಿಯೆಟ್ನಾಂ ಯುದ್ಧದ ವೆಚ್ಚಗಳಿಂದ ಬೇಡಿಕೆ ಉಬ್ಬಿತು. 1969ರ ವೇಳೆಗೆ ನಿರುದ್ಯೋಗ ಶೇ. 3.5ಕ್ಕೆ ಇಳಿಯಿತು, ಹಣದುಬ್ಬರ ಶೇ. 5ನ್ನು ಮೀರಿತು. ರೇಖೆ ನಿಜವಾಯಿತೆಂದೇ ತೋರಿತು.

ಈ ಲೆಕ್ಕದಲ್ಲಿದ್ದ ದೋಷವನ್ನು ಮಿಲ್ಟನ್ ಫ್ರೀಡ್‌ಮನ್ ಮತ್ತು ಎಡ್ಮಂಡ್ ಫೆಲ್ಪ್ಸ್ 1967ರ ಸುಮಾರಿಗೇ ಬೇರೆಬೇರೆಯಾಗಿ ಗುರುತಿಸಿದ್ದರು. ಅದನ್ನು ಒಂದು ವೇತನ ಒಪ್ಪಂದದ ಮೂಲಕ ತಿಳಿಯಬಹುದು. ಒಂದು ಗಿರಣಿಯ ಕಾರ್ಮಿಕರು, ಮುಂದಿನ ವರ್ಷ ಬೆಲೆಗಳು ಶೇ. 3ರಷ್ಟು ಏರುತ್ತವೆಂದು ಭಾವಿಸಿ, ಶೇ. 3ರ ವೇತನ ಏರಿಕೆಗೆ ಸಹಿ ಹಾಕುತ್ತಾರೆ ಎನ್ನೋಣ. ಆದರೆ ಬೆಲೆಗಳು ಶೇ. 6ರಷ್ಟು ಏರುತ್ತವೆ. ಮಾಲೀಕನ ಬಟ್ಟೆ ಶೇ. 6ರಷ್ಟು ಹೆಚ್ಚು ದರಕ್ಕೆ ಮಾರಾಟವಾಗುತ್ತದೆ. ಅವನು ಕೊಡುವ ಕೂಲಿ ಮಾತ್ರ ಶೇ. 3ರಷ್ಟು ಏರಿದೆ. ದುಡಿಮೆ ಅವನಿಗೆ ಅಗ್ಗವಾಗಿರುವುದರಿಂದ ಇನ್ನಷ್ಟು ಜನರನ್ನು ನೇಮಿಸಿಕೊಳ್ಳುತ್ತಾನೆ. ಅಲ್ಪಾವಧಿಯಲ್ಲಿ ನಿರುದ್ಯೋಗ ಇಳಿಯುವುದು ಹೀಗೆ. ಈ ಲಾಭದ ಮೂಲ ಬೆಲೆಯೇರಿಕೆಯಲ್ಲ, ಕಾರ್ಮಿಕರ ನಿರೀಕ್ಷೆ ತಪ್ಪಿದ್ದು.

ಮುಂದಿನ ಒಪ್ಪಂದದ ವೇಳೆಗೆ ಕಾರ್ಮಿಕರು ಎಚ್ಚೆತ್ತಿರುತ್ತಾರೆ. ಬೆಲೆ ಶೇ. 6ರಷ್ಟು ಏರುವುದೆಂದು ಎಣಿಸಿ ಅಷ್ಟನ್ನು ಕೇಳುತ್ತಾರೆ. ಹಿಂದಿನ ನಷ್ಟವನ್ನೂ ಸೇರಿಸುತ್ತಾರೆ. ದುಡಿಮೆ ಮತ್ತೆ ಮೊದಲಿನಷ್ಟೇ ದುಬಾರಿಯಾಗುತ್ತದೆ, ಹೆಚ್ಚುವರಿ ನೇಮಕಗಳು ನಿಲ್ಲುತ್ತವೆ. ನಿರುದ್ಯೋಗ ಹಳೆಯ ಮಟ್ಟಕ್ಕೆ ಮರಳಿದರೂ ಶೇ. 6ರ ಹಣದುಬ್ಬರ ಉಳಿಯುತ್ತದೆ. ಮತ್ತೆ ಅದೇ ಲಾಭ ಬೇಕಾದರೆ ಬೆಲೆಗಳು ಶೇ. 9ರಷ್ಟು ಏರಬೇಕು. ನಿರುದ್ಯೋಗ ಹೀಗೆ ಮರಳಿ ಬಂದು ನಿಲ್ಲುವ ಮಟ್ಟವನ್ನು ಫ್ರೀಡ್‌ಮನ್ ‘ಸಹಜ ದರ’ ಎಂದರು. ದೀರ್ಘಾವಧಿಯಲ್ಲಿ ರೇಖೆಯು ಇಳಿಜಾರಾಗಿರದೆ ಆ ದರದ ಮೇಲೆ ಕಂಬದಂತೆ ನೇರವಾಗಿ ನಿಲ್ಲುತ್ತದೆ.

ಸಾಕ್ಷ್ಯ ಬೇಗನೆ ದೊರೆಯಿತು. 1970ರಲ್ಲಿ ಅಮೆರಿಕದ ನಿರುದ್ಯೋಗ ಶೇ. 4.9, ಅಂದರೆ ಬಹುಮಟ್ಟಿಗೆ 1964ರಷ್ಟೇ. ಹಣದುಬ್ಬರವಾದರೋ ಆಗಿನದರ ನಾಲ್ಕು ಪಟ್ಟಿಗಿಂತ ಹೆಚ್ಚಾಗಿತ್ತು. 1973ರ ಕೊನೆಯ ತೈಲ ಬೆಲೆಯೇರಿಕೆ ಸ್ಥಿತಿಯನ್ನು ಇನ್ನಷ್ಟು ಕೆಡಿಸಿತು ನಿಜ. ಆದರೆ ರೇಖೆ ಜರುಗಿದ್ದು ಅದಕ್ಕಿಂತ ಮೊದಲೇ.

ನಿರೀಕ್ಷೆ ಬೇರೂರಿದ ಮೇಲೆ ಅದನ್ನು ಕೀಳುವುದು ಕಠಿಣ. 1979ರಲ್ಲಿ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾದ ಪಾಲ್ ವೋಲ್ಕರ್ ಅವರ ಕಾಲದಲ್ಲಿ ಅಲ್ಪಾವಧಿ ಬಡ್ಡಿದರ ಶೇ. 20ರ ಸಮೀಪಕ್ಕೆ ಏರಿತು. ಈಗ ಗಿರಣಿಯ ಲೆಕ್ಕ ತಿರುಗಿಬಿತ್ತು: ಹೆಚ್ಚು ಬೆಲೆಯೇರಿಕೆಯನ್ನು ನಂಬಿ ವೇತನ ನಿಗದಿಯಾಗಿತ್ತು, ಬೆಲೆಗಳು ಅಷ್ಟು ಏರಲಿಲ್ಲ, ದುಡಿಮೆ ದುಬಾರಿಯಾಗಿ ಜನ ಕೆಲಸ ಕಳೆದುಕೊಂಡರು. 1982ರ ಅಂತ್ಯಕ್ಕೆ ನಿರುದ್ಯೋಗ ಶೇ. 10.8ಕ್ಕೆ ಮುಟ್ಟಿತು. 1980ರಲ್ಲಿ ಶೇ. 13.5 ಇದ್ದ ಹಣದುಬ್ಬರ 1983ರಲ್ಲಿ ಶೇ. 3.2ಕ್ಕೆ ಇಳಿಯಿತು. ಜನರ ನಿರೀಕ್ಷೆ ತಗ್ಗಿದ ಮೇಲೆ ನಿರುದ್ಯೋಗವೂ ಇಳಿಯತೊಡಗಿತು. ಹಣದುಬ್ಬರ ಹಳೆಯ ಎತ್ತರಕ್ಕೆ ಮರಳಲಿಲ್ಲ.

ಈ ಸಿದ್ಧಾಂತಕ್ಕೂ ಒಂದು ಮಿತಿಯಿದೆ. ಸಹಜ ದರವನ್ನು ಯಾರೂ ಕಣ್ಣಾರೆ ಕಾಣಲಾರರು. ಅದು ಕಾರ್ಮಿಕರ ಕೌಶಲ, ಕಾನೂನು, ಉದ್ದಿಮೆಗಳ ಸ್ವರೂಪಗಳೊಂದಿಗೆ ಬದಲಾಗುತ್ತದೆ. ಹಣದುಬ್ಬರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋದಾಗ, ನಿರುದ್ಯೋಗ ಆ ದರಕ್ಕಿಂತ ಕೆಳಗಿಳಿದಿರಬಹುದೆಂದು ಊಹಿಸಬಹುದು, ಅಷ್ಟೆ.

ನಿರೀಕ್ಷೆಗೆ ಮೊದಲೇ ಗೂಟ ನೆಡುವುದು ಇದರಿಂದ ಕಲಿತ ಪಾಠ. ಭಾರತವು 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಯನ್ನು ತಿದ್ದುಪಡಿ ಮಾಡಿ ಹಣದುಬ್ಬರಕ್ಕೆ ಗುರಿ ನಿಗದಿಪಡಿಸುವ ಕ್ರಮವನ್ನು ತಂದಿತು. ಅದರಂತೆ ಗುರಿ ಶೇ. 4, ಎರಡೂ ಬದಿಗೆ ಶೇ. 2ರಷ್ಟು ಅವಕಾಶ. ನಗರಗಳ ಮನೆಮಂದಿಯನ್ನು ‘ಮುಂದಿನ ಮೂರು ತಿಂಗಳಲ್ಲಿ, ಒಂದು ವರ್ಷದಲ್ಲಿ ಬೆಲೆ ಎಷ್ಟು ಏರಬಹುದು?’ ಎಂದು ಬ್ಯಾಂಕು ಸಮೀಕ್ಷೆಯಲ್ಲಿ ಕೇಳುವುದೂ ಇದೇ ಕಾರಣಕ್ಕೆ. ಅವರ ಉತ್ತರವೇ ನಾಳಿನ ಕೂಲಿಯ ಬೇಡಿಕೆಯಾಗಿ, ಅಂಗಡಿಯ ದರವಾಗಿ ಹೊರಬರುತ್ತದೆ.