ಒಂದು ಪರೀಕ್ಷೆ ಕೇಳಿ ತಿಳಿಯಬೇಕು, ಉಳಿದವು ಕಾಯಬಾರದು

ರಕ್ತಪರೀಕ್ಷೆಯ ಚೀಟಿ ಎಂದರೆ ವೈದ್ಯರು ಲ್ಯಾಬಿಗೆ ಕಳಿಸುವ ಪ್ರಶ್ನೆಗಳ ಪಟ್ಟಿ. ಹೀಗೊಂದು ಚೀಟಿ ಬಂದಿದೆ ಎಂದುಕೊಳ್ಳಿ. ಐವತ್ತು ದಾಟಿದ ಹೆಂಗಸು, ಮೈಕೈ ನೋವು, ಸುಸ್ತು. ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಸಕ್ಕರೆ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಥೈರಾಯ್ಡ್ ಎಲ್ಲ ಸ್ಪಷ್ಟವಾಗಿಯೇ ಇವೆ. ಕೊನೆಯಲ್ಲಿ ಮಾತ್ರ ‘ವಿಟಮಿನ್ ಡಿ 1,25’ ಎಂದಿದೆ. ಅನುಭವವಿರುವ ಟೆಕ್ನೀಷಿಯನ್ನರ ಕಣ್ಣು ನಿಲ್ಲುವುದು ಅಲ್ಲಿ.

ನಮ್ಮ ರಕ್ತದಲ್ಲಿ ಡಿ ಜೀವಸತ್ವ ಎರಡು ಮುಖ್ಯ ರೂಪಗಳಲ್ಲಿ ಇರುತ್ತದೆ. ಯಕೃತ್ತಿನಲ್ಲಿ ತಯಾರಾಗುವ 25-ಹೈಡ್ರಾಕ್ಸಿ ರೂಪ ದೇಹದ ದಾಸ್ತಾನು. ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಮೂತ್ರಪಿಂಡ ಅದನ್ನು 1,25 ರೂಪಕ್ಕೆ ಬದಲಿಸಿದಾಗ ಅದು ಕೆಲಸ ಮಾಡುವ ಹಾರ್ಮೋನಾಗುತ್ತದೆ. ಇದರ ಆಯುಷ್ಯ ಗಂಟೆಗಳ ಲೆಕ್ಕದ್ದು. ಕೊರತೆ ಇದೆಯೇ ಎಂದು ತಿಳಿಯಲು ಅಳೆಯಬೇಕಾದ್ದು ದಾಸ್ತಾನನ್ನು. ದಾಸ್ತಾನು ಕುಸಿದಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ, ಅದರ ಒತ್ತಡಕ್ಕೆ ಮೂತ್ರಪಿಂಡ ಇದ್ದಷ್ಟನ್ನೇ ಬಳಸಿ 1,25 ತಯಾರಿಸುತ್ತದೆ. ಹಾಗಾಗಿ ನಿಜಕ್ಕೂ ಕೊರತೆ ಇರುವವರಲ್ಲೂ ಈ ಅಂಕಿ ಸರಿಯಾಗಿ, ಕೆಲವೊಮ್ಮೆ ಹೆಚ್ಚಾಗಿಯೂ ಬರಬಹುದು. ಬರೆದದ್ದನ್ನು ಬರೆದಂತೆಯೇ ಮಾಡಿಕೊಟ್ಟರೆ ರೋಗಿ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ನೋವು ಉಳಿಯುತ್ತದೆ.

ಹಾಗಾದರೆ ತಪ್ಪಿ ಬರೆದಿದ್ದಾರೆಂದು ತಾವೇ ತಿದ್ದಿಬಿಡಬಹುದೇ? ಅದೂ ಸಲ್ಲದು. ರಕ್ತದಲ್ಲಿ ಕ್ಯಾಲ್ಸಿಯಂ ಕಾರಣವಿಲ್ಲದೆ ಏರಿದಾಗ, ಸಾರ್ಕಾಯ್ಡೋಸಿಸ್‌ನಂಥ ಕಾಯಿಲೆಯ ಶಂಕೆ ಇದ್ದಾಗ, ವೈದ್ಯರು ಬೇಕೆಂದೇ 1,25 ಕೇಳುತ್ತಾರೆ. ಎರಡು ಅರ್ಥಕ್ಕೆ ಎರಡು ಬೇರೆ ಪರೀಕ್ಷೆ, ಎರಡು ಬೇರೆ ಚಿಕಿತ್ಸೆ. ಇಂಥ ಕಡೆ ಊಹೆ ಬೇಡ, ಕೇಳಲೇಬೇಕು.

ಆದರೆ ಯಾವಾಗ? ವೈದ್ಯರು ಫೋನಿಗೆ ಸಿಗುವವರೆಗೆ ಇಡೀ ಚೀಟಿಯನ್ನು ಬದಿಗಿಡುವುದು ದೊಡ್ಡ ತಪ್ಪು. ಕೋಶಗಳಿಂದ ಬೇರ್ಪಡಿಸದ ರಕ್ತದಲ್ಲಿ ಆ ಕೋಶಗಳೇ ಸಕ್ಕರೆ ತಿನ್ನುತ್ತಿರುತ್ತವೆ. ಸಾಧಾರಣ ಕೋಣೆಯ ಬಿಸಿಯಲ್ಲಿ ಗಂಟೆಗೆ ಸುಮಾರು ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳೊಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರಿ ಇಲ್ಲದ ಅಪಾಯವನ್ನು ತೋರಿಸುತ್ತದೆ. ಡಿ ಜೀವಸತ್ವಕ್ಕೆ ಆ ಅವಸರವಿಲ್ಲ. ಬೇರ್ಪಡಿಸಿದ ಸೀರಮ್ ಫ್ರಿಜ್ಜಿನಲ್ಲಿ ಕೆಲವು ದಿನ ಕೆಡದೆ ಇರುತ್ತದೆ. ಆದ್ದರಿಂದ ಅದಕ್ಕೆಂದು ಸ್ವಲ್ಪ ಸೀರಮ್ ತೆಗೆದಿಟ್ಟು, ಉಳಿದದ್ದನ್ನೆಲ್ಲ ಯಂತ್ರಕ್ಕೆ ಹಾಕುವುದೇ ಸರಿ.

ಈ ಕ್ರಮದಿಂದ ಇನ್ನೊಂದು ಲಾಭವಿದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ಉಳಿದ ಉತ್ತರಗಳು ಕೇಳಬೇಕಾದ ಪ್ರಶ್ನೆಯನ್ನೇ ಹರಿತ ಮಾಡುತ್ತವೆ. ಕ್ಯಾಲ್ಸಿಯಂ 9.1 ಬಂದರೆ ದಾಸ್ತಾನಿನ ಪರೀಕ್ಷೆಯೇ ಬೇಕಿದ್ದಿರಬಹುದು. 11.8 ಬಂದರೆ 1,25 ಉದ್ದೇಶಪೂರ್ವಕವಾಗಿದ್ದಿರುವ ಸಾಧ್ಯತೆ ಹೆಚ್ಚು. ಆಗ ಫೋನಿನಲ್ಲಿ ‘ಡಿ ಪರೀಕ್ಷೆ ಯಾವುದು ಮೇಡಂ?’ ಎಂದಷ್ಟೇ ಕೇಳಬೇಕಿಲ್ಲ. ‘ಮೇಡಂ, ಕ್ಯಾಲ್ಸಿಯಂ 9.1 ಇದೆ. ಕೊರತೆ ನೋಡುವುದಾದರೆ 25-ಹೈಡ್ರಾಕ್ಸಿ ಮಾಡುತ್ತೇವೆ. 1,25 ಬೇರೆ ಕಾರಣಕ್ಕೆ ಬೇಕಿತ್ತೇ?’ ಎಂದು ಕೇಳಬಹುದು. ಅರ್ಧ ನಿಮಿಷದ ಮಾತು. ಉತ್ತರವನ್ನು ತಿರುಗಿ ಓದಿ ಹೇಳಿ, ಯಾರು ಹೇಳಿದರು, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲೇ ಬರೆದಿಡಬೇಕು.

ಕೆಲವನ್ನು ಮಾತ್ರ ರಕ್ತ ತೆಗೆಯುವ ಮೊದಲೇ ಕೇಳಬೇಕು. ‘ಕ್ಯಾಲ್ಸಿಯಂ’ ಎಂದರೆ ಒಟ್ಟು ಕ್ಯಾಲ್ಸಿಯಮ್ಮೋ ಅಯಾನೀಕೃತವೋ ಎಂಬ ಅನುಮಾನ ಅಂಥದ್ದು. ಎರಡನೆಯದಕ್ಕೆ ರಕ್ತಕ್ಕೆ ಗಾಳಿ ತಾಕಬಾರದು. ತಾಕಿದರೆ ಇಂಗಾಲದ ಡೈಆಕ್ಸೈಡ್ ಹಾರಿ, ಕ್ಷಾರೀಯತೆ ಏರಿ, ಅಂಕಿ ಕೆಳಗಿಳಿಯುತ್ತದೆ. ಆಮೇಲೆ ಕೇಳಿದರೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ರೋಗಿ ಬೆಳಗ್ಗೆ ತಿಂಡಿ ತಿಂದಿದ್ದಾರೋ ಇಲ್ಲವೋ ಎಂಬುದೂ ಹಾಗೆಯೇ. ಅದು ಸಕ್ಕರೆಗೂ ಟ್ರೈಗ್ಲಿಸರೈಡಿಗೂ ತಾಗುತ್ತದೆ, ಕ್ರಿಯಾಟಿನಿನ್ನಿಗೆ ಅಷ್ಟಾಗಿ ತಾಗದು. ಇನ್ನು ಟ್ಯೂಬಿನ ಮೇಲಿನ ಹೆಸರೇ ಚೀಟಿಗೆ ಹೊಂದದಿದ್ದರೆ ಒಂದು ಅಂಶವನ್ನಷ್ಟೇ ಬದಿಗಿಟ್ಟು ಮುಂದುವರಿಯುವ ಮಾತೇ ಇಲ್ಲ. ಆ ಒಂದು ಗೊಂದಲ ಎಲ್ಲ ಉತ್ತರಗಳ ಬುಡದಲ್ಲಿದೆ, ಎಲ್ಲವೂ ನಿಲ್ಲಬೇಕು.

ರಿಪೋರ್ಟಿನಲ್ಲಿ ಆ ಸಾಲನ್ನು ಖಾಲಿ ಬಿಡುವುದೂ ಅಪಾಯವೇ. ಖಾಲಿ ಜಾಗವನ್ನು ನೋಡಿದವರು ಪರೀಕ್ಷೆ ಕೇಳಿರಲೇ ಇಲ್ಲ ಎಂದುಕೊಳ್ಳಬಹುದು. ‘ಬಾಕಿ ಇದೆ, ಸೀರಮ್ ಇಡಲಾಗಿದೆ, ವೈದ್ಯರ ಸ್ಪಷ್ಟನೆಗೆ ಕಾಯುತ್ತಿದ್ದೇವೆ’ ಎಂದು ಬರೆದರೆ ಯಾರೂ ಮರೆಯುವುದಿಲ್ಲ. ನಿಮ್ಮ ಕೈಗೆ ಬಂದ ರಿಪೋರ್ಟಿನಲ್ಲಿ ಅಂಥ ಸಾಲು ಕಂಡರೆ ಅದು ಇನ್ನೂ ಮುಗಿಯದ ರಿಪೋರ್ಟು. ಕೊನೆಯದು ಯಾವಾಗ ಸಿಗುತ್ತದೆಂದು ಕೇಳಿ, ಅದನ್ನೂ ಪಡೆದುಕೊಂಡೇ ವೈದ್ಯರ ಬಳಿ ಹೋಗಿ.